ಎನ್‌ಆರ್‌ಇ ಠೇವಣಿಗೆ ಶೇ. 7, ಅಲ್ಲಿ ಶೇ. 4: ಆ ಮೂರು ಪರ್ಸೆಂಟ್ ಲಾಭ ನಿಜವೇ?

ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ ನೆಲಮಂಗಲದ ಕಡೆ ಹೊರಟರೆ ಸಿಗುವ ಮಾದನಾಯಕನಹಳ್ಳಿಯಂಥ ಊರುಗಳಲ್ಲಿ ಈಗ ಒಂದು ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅಪ್ಪ ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಮೂವತ್ತು ವರ್ಷ ದುಡಿದಿರುತ್ತಾರೆ, ಮಕ್ಕಳು ಹೊರದೇಶದಲ್ಲಿರುತ್ತಾರೆ. ಫೋನಿನಲ್ಲಿ ಅಪ್ಪ ಹೇಳುತ್ತಾರೆ: "ಅಲ್ಲಿ ನಾಲ್ಕು ಪರ್ಸೆಂಟಿಗೆ ಯಾಕೋ ಮಗಾ ದುಡ್ಡು ಇಟ್ಟಿದೀಯ? ಇಲ್ಲಿ ಎನ್‌ಆರ್‌ಇ ಎಫ್‌ಡಿಗೆ ಏಳು ಕೊಡ್ತಾರಂತೆ, ಟ್ಯಾಕ್ಸೂ ಇಲ್ವಂತೆ."

ಈ ಮಾತಿನಲ್ಲಿ ಸುಳ್ಳಿಲ್ಲ. ಅನಿವಾಸಿ ಭಾರತೀಯರು ಹೊರದೇಶದ ಸಂಪಾದನೆಯನ್ನು ರೂಪಾಯಿಗೆ ಬದಲಿಸಿ ಇಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಅಸಲು, ಬಡ್ಡಿ ಎರಡನ್ನೂ ಯಾವ ಅನುಮತಿಯ ರಗಳೆಯೂ ಇಲ್ಲದೆ ವಾಪಸ್ ಹೊರಗೆ ಕಳಿಸಬಹುದು. ಇಷ್ಟು ಕೇಳಿದ ಮೇಲೆ ಏಳರಲ್ಲಿ ನಾಲ್ಕು ಕಳೆದು, ವರ್ಷಕ್ಕೆ ಮೂರು ಪರ್ಸೆಂಟ್ ಪುಕ್ಕಟೆ ಲಾಭ ಎಂದು ಲೆಕ್ಕ ಹಾಕುವುದು ಸಹಜ. ತಪ್ಪಾಗುವುದು ಈ ಕಳೆಯುವ ಲೆಕ್ಕದಲ್ಲೇ. ಆ ಏಳು ಬೆಳೆಯುವುದು ರೂಪಾಯಿಯಲ್ಲಿ, ನಾಲ್ಕು ಬೆಳೆಯುವುದು ಡಾಲರ್‌ನಲ್ಲಿ. ಸೇರಿನಲ್ಲಿ ಅಳೆದದ್ದರಿಂದ ಕಿಲೋದಲ್ಲಿ ತೂಗಿದ್ದನ್ನು ಕಳೆದ ಹಾಗೆ ಅದು.

ಒಂದು ಕಲ್ಪಿತ ಕುಟುಂಬವನ್ನು ಇಟ್ಟುಕೊಂಡು ಲೆಕ್ಕ ಮಾಡೋಣ. ಅಕ್ಕ ದುಬೈನಲ್ಲಿ, ತಮ್ಮ ಅಮೆರಿಕದ ಟೆಕ್ಸಾಸ್‌ನಲ್ಲಿ ಇದ್ದಾರೆ. ಇಬ್ಬರ ಕೈಯಲ್ಲೂ ತಲಾ 10,000 ಡಾಲರ್ ಉಳಿತಾಯವಿದೆ. ಅಕ್ಕನ ಹಣ ಇರುವುದು ದಿರ್ಹಮ್‌ನಲ್ಲಿ. ಆದರೆ 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ದರ ಕಟ್ಟಿಹಾಕಿರುವುದರಿಂದ, ನಮ್ಮ ಲೆಕ್ಕಕ್ಕೆ ದಿರ್ಹಮ್ ಎಂದರೂ ಒಂದೇ, ಡಾಲರ್ ಎಂದರೂ ಒಂದೇ. ಇಡುವ ದಿನ ಡಾಲರಿಗೆ 85 ರೂಪಾಯಿ, ಇಲ್ಲಿ ಬಡ್ಡಿ ಶೇ. 7, ಅಲ್ಲಿ ಶೇ. 4, ಅವಧಿ ಒಂದು ವರ್ಷ ಎಂದು ಹಿಡಿಯೋಣ. ನಿಮ್ಮ ಬ್ಯಾಂಕಿನ ದರ ಬೇರೆ ಇರಬಹುದು. ಅಂಕಿ ಬದಲಿಸಿಕೊಂಡರೆ ಸಾಕು, ಲೆಕ್ಕದ ದಾರಿ ಇದೇ.

ಅಕ್ಕ ಹಣವನ್ನು ದುಬೈನಲ್ಲೇ ಬಿಟ್ಟರೆ ವರ್ಷದ ಕೊನೆಗೆ 10,400 ಡಾಲರ್. ಊರಿಗೆ ಕಳಿಸಿದರೆ 8,50,000 ರೂಪಾಯಿ ಆಗಿ, ಬಡ್ಡಿ ಸೇರಿ 9,09,500 ರೂಪಾಯಿ. ಈಗ ಒಂದೇ ಪ್ರಶ್ನೆ: ಆ ದಿನ ಡಾಲರ್ ಎಷ್ಟಿರುತ್ತದೆ? ಡಾಲರ್ ಅಲುಗಾಡದೆ 85ರಲ್ಲೇ ನಿಂತಿದ್ದರೆ ಅವಳ ಕೈಯಲ್ಲಿ 10,700 ಡಾಲರ್. ಅಪ್ಪ ಹೇಳಿದ ಮೂರು ಪರ್ಸೆಂಟ್ ಪೂರ್ತಿಯಾಗಿ ಸಿಕ್ಕಿತು. ಡಾಲರ್ 90 ಮುಟ್ಟಿದ್ದರೆ 10,106 ಡಾಲರ್ ಮಾತ್ರ, ಅಂದರೆ ದುಬೈನಲ್ಲೇ ಇಟ್ಟಿದ್ದಕ್ಕಿಂತ 294 ಡಾಲರ್ ಕಡಿಮೆ. ಎರಡೂ ಸಮವಾಗುವ ಒಂದು ಗೆರೆ ನಡುವೆ ಇರಬೇಕಲ್ಲ? ಅದನ್ನು ಕಂಡುಹಿಡಿಯುವುದು ಸುಲಭ. 9,09,500 ರೂಪಾಯಿಯನ್ನು 10,400 ಡಾಲರ್‌ನಿಂದ ಭಾಗಿಸಿದರೆ 87 ರೂಪಾಯಿ 45 ಪೈಸೆ ಬರುತ್ತದೆ. ಡಾಲರ್ ಅದರ ಕೆಳಗಿದ್ದರೆ ಎನ್‌ಆರ್‌ಇ ಗೆದ್ದಿತು, ಮೇಲಿದ್ದರೆ ಸೋತಿತು.

85ರಿಂದ 87.45ಕ್ಕೆ ಏರುವುದೆಂದರೆ ವರ್ಷಕ್ಕೆ ಸುಮಾರು ಶೇ. 2.9. ಹಾಗಾಗಿ ಕೇಳಬೇಕಾದ ಪ್ರಶ್ನೆ "ಏಳು ದೊಡ್ಡದೋ ನಾಲ್ಕು ದೊಡ್ಡದೋ" ಅಲ್ಲ. ಡಾಲರ್ ವರ್ಷಕ್ಕೆ 2.9ಕ್ಕಿಂತ ಹೆಚ್ಚು ಏರುತ್ತದೋ ಇಲ್ಲವೋ ಎಂಬುದು.

ಈ ಪ್ರಶ್ನೆಗೆ ಹಿಂದಿನ ದಾಖಲೆ ಏನು ಹೇಳುತ್ತದೆ ನೋಡಿ. 2014ರ ಮಾರ್ಚ್ ಕೊನೆಯಲ್ಲಿ ಡಾಲರ್ ಸುಮಾರು 60 ರೂಪಾಯಿ 10 ಪೈಸೆ ಇತ್ತು, 2025ರ ಮಾರ್ಚ್ ಕೊನೆಯಲ್ಲಿ 85 ರೂಪಾಯಿ 58 ಪೈಸೆ. ಹನ್ನೊಂದು ವರ್ಷದ ಸರಾಸರಿ ಏರಿಕೆ ವರ್ಷಕ್ಕೆ ಸುಮಾರು ಶೇ. 3.3. ನಮ್ಮ ಗೆರೆಗೆ ಇದು ತೀರಾ ಹತ್ತಿರದಲ್ಲಿದೆ, ಸ್ವಲ್ಪ ಮೇಲೆಯೇ ಇದೆ. ಬಡ್ಡಿಯಲ್ಲಿ ಕಂಡ ಮೂರು ಪರ್ಸೆಂಟ್ ವ್ಯತ್ಯಾಸವನ್ನು ರೂಪಾಯಿಯ ಇಳಿಕೆ ಹೆಚ್ಚುಕಮ್ಮಿ ಪೂರ್ತಿ ತಿಂದುಹಾಕಿದೆ.

ಇದು ಕಾಕತಾಳೀಯವಲ್ಲ. ರಿಸರ್ವ್ ಬ್ಯಾಂಕ್ 2016ರಿಂದ ಇಟ್ಟುಕೊಂಡಿರುವ ಹಣದುಬ್ಬರದ ಗುರಿ ಶೇ. 4, ಅಮೆರಿಕದ ಕೇಂದ್ರ ಬ್ಯಾಂಕಿನದು ಶೇ. 2. ಇಲ್ಲಿನ ದುಡ್ಡು ಅಲ್ಲಿನದಕ್ಕಿಂತ ಬೇಗ ಸವೆಯುತ್ತದೆ ಎಂದು ಎರಡೂ ಕೇಂದ್ರ ಬ್ಯಾಂಕುಗಳ ಗುರಿಗಳೇ ಹೇಳುತ್ತಿವೆ. ಬೇಗ ಸವೆಯುವ ದುಡ್ಡನ್ನು ಇಟ್ಟುಕೊಳ್ಳುವವನಿಗೆ ಹೆಚ್ಚು ಬಡ್ಡಿ ಕೊಡಲೇಬೇಕು, ಇಲ್ಲದಿದ್ದರೆ ಯಾರೂ ಇಡುವುದಿಲ್ಲ.

ನಂಬಿಕೆ ಬರದಿದ್ದರೆ ನಿಮ್ಮ ಬ್ಯಾಂಕಿನ ಕೌಂಟರಿನಲ್ಲೇ ಒಂದು ಪರೀಕ್ಷೆ ಮಾಡಬಹುದು. ಎನ್‌ಆರ್‌ಇ ದರದ ಪಕ್ಕದಲ್ಲೇ ಎಫ್‌ಸಿಎನ್‌ಆರ್ ಎಂಬ ಇನ್ನೊಂದು ಠೇವಣಿಯ ದರ ಇರುತ್ತದೆ. ಇದರಲ್ಲಿ ಹಣವನ್ನು ರೂಪಾಯಿಗೆ ಬದಲಿಸುವುದೇ ಇಲ್ಲ. ಡಾಲರ್ ಇಟ್ಟರೆ ಡಾಲರ್‌ನಲ್ಲೇ ಅಸಲು, ಡಾಲರ್‌ನಲ್ಲೇ ಬಡ್ಡಿ. ಇದಕ್ಕೂ ಭಾರತದಲ್ಲಿ ತೆರಿಗೆಯಿಲ್ಲ. ಅದೇ ಬ್ಯಾಂಕು, ಅದೇ ಗ್ರಾಹಕ, ಅದೇ ಅವಧಿ. ಆದರೂ ಈ ಡಾಲರ್ ಠೇವಣಿಯ ದರ ಇಲ್ಲಿನ ಏಳಕ್ಕಿಂತ ಅಮೆರಿಕದ ದರಕ್ಕೇ ಹೆಚ್ಚು ಹತ್ತಿರವಿರುತ್ತದೆ. ಒಂದೇ ಬ್ಯಾಂಕು ಎರಡು ದರ ಕೊಡುವುದಕ್ಕೆ ಮುಖ್ಯ ಕಾರಣ ಒಂದೇ: ಮೊದಲನೆಯದರಲ್ಲಿ ವಿನಿಮಯ ದರದ ಅಪಾಯ ನಿಮ್ಮದು, ಎರಡನೆಯದರಲ್ಲಿ ಬ್ಯಾಂಕಿನದು. 2013ರಲ್ಲಿ ರೂಪಾಯಿ ಕುಸಿದಾಗ ಈ ಅಪಾಯಕ್ಕೂ ಒಂದು ಬೆಲೆಯಿದೆ ಎಂಬುದು ಬಹಿರಂಗವಾಗಿ ಕಂಡಿತ್ತು. ಆಗ ರಿಸರ್ವ್ ಬ್ಯಾಂಕ್ ಎಫ್‌ಸಿಎನ್‌ಆರ್ ಠೇವಣಿಯ ಡಾಲರ್ ತರುವ ಬ್ಯಾಂಕುಗಳ ವಿನಿಮಯ ಅಪಾಯವನ್ನು ವರ್ಷಕ್ಕೆ ಶೇ. 3.5ರ ನಿಗದಿತ ದರಕ್ಕೆ ತಾನು ಹೊತ್ತುಕೊಂಡಿತು. ಅದು ಮಾರುಕಟ್ಟೆಗಿಂತ ಅಗ್ಗದ ದರ. ಕೆಲವೇ ತಿಂಗಳಲ್ಲಿ ಆ ಠೇವಣಿಗಳ ಮೂಲಕ ಸುಮಾರು 26 ಬಿಲಿಯನ್ ಡಾಲರ್ ಹರಿದುಬಂತು.

ಸರಾಸರಿ ಒಂದು ಮಾತು, ನಿಮ್ಮ ಠೇವಣಿಯ ವರ್ಷ ಇನ್ನೊಂದು

ಸರಾಸರಿ 3.3 ಎಂದಾಕ್ಷಣ ಡಾಲರ್ ಪ್ರತಿ ವರ್ಷ ಶಿಸ್ತಾಗಿ ಅಷ್ಟೇ ಏರುತ್ತದೆ ಎಂದಲ್ಲ. 2014ರ ಮಾರ್ಚ್ ಕೊನೆಯಲ್ಲಿ ಮೂರು ವರ್ಷಕ್ಕೆ ಹಣ ಇಟ್ಟವರನ್ನು ನೋಡಿ. ಆಗ ಇಲ್ಲಿನ ದರಗಳು ಶೇ. 9ರ ಆಸುಪಾಸಿನಲ್ಲಿದ್ದವು. 10,000 ಡಾಲರ್ ಎಂದರೆ 6,01,000 ರೂಪಾಯಿ. ಶೇ. 9ರ ಚಕ್ರಬಡ್ಡಿಯಲ್ಲಿ ಅದು ಮೂರು ವರ್ಷಕ್ಕೆ ಸುಮಾರು 7,78,300 ಆಗುತ್ತದೆ. 2017ರ ಮಾರ್ಚ್ ಕೊನೆಯಲ್ಲಿ ಡಾಲರ್ 64 ರೂಪಾಯಿ 84 ಪೈಸೆ. ವಾಪಸ್ ಬದಲಿಸಿದರೆ 12,000 ಡಾಲರ್! ಅಮೆರಿಕದಲ್ಲಿ ಉಳಿತಾಯದ ಬಡ್ಡಿ ನೆಲಕಚ್ಚಿದ್ದ ಕಾಲ ಅದು. ಇಂಥ ಕಾಲದಲ್ಲಿ ಹಣ ಇಟ್ಟು ಗೆದ್ದವರ ಕಥೆಗಳೇ ಇವತ್ತಿಗೂ ಮದುವೆ ಮನೆಗಳಲ್ಲಿ ಓಡಾಡುತ್ತಿರುವುದು.

ಈಗ 2022ರ ಮಾರ್ಚ್ ಕೊನೆಯಲ್ಲಿ ಒಂದು ವರ್ಷಕ್ಕೆ ಇಟ್ಟವರ ಲೆಕ್ಕ. ದರ ಸುಮಾರು ಶೇ. 5, ಡಾಲರ್ 75 ರೂಪಾಯಿ 81 ಪೈಸೆ. 7,58,100 ರೂಪಾಯಿ ಬಡ್ಡಿ ಸೇರಿ 7,96,005 ಆಯಿತು. ಆದರೆ ವರ್ಷ ಕಳೆಯುವಷ್ಟರಲ್ಲಿ ಡಾಲರ್ 82 ರೂಪಾಯಿ 22 ಪೈಸೆ. ಕೈಗೆ ಬಂದದ್ದು ಸುಮಾರು 9,680 ಡಾಲರ್. ಬಡ್ಡಿಯ ಮಾತಿರಲಿ, ಅಸಲಿನಲ್ಲೇ 320 ಡಾಲರ್ ಕರಗಿತ್ತು. ಪಾಸ್‌ಬುಕ್‌ನಲ್ಲಿ ಮಾತ್ರ ಮೊತ್ತ ಏರಿಯೇ ಇತ್ತು. ಈ ನಷ್ಟ ಬ್ಯಾಂಕಿನ ಯಾವ ಕಾಗದದಲ್ಲೂ ಕಾಣಿಸಿಕೊಳ್ಳುವುದಿಲ್ಲ, ನೀವೇ ಭಾಗಿಸಿ ನೋಡಬೇಕು.

2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿದಾಗ ಹಲವರು ಉಲ್ಟಾ ತಪ್ಪು ಮಾಡಿದರು. ಇನ್ನು ರೂಪಾಯಿ ಮುಳುಗಿತು, ಊರಿಗೆ ದುಡ್ಡು ಕಳಿಸಲೇಬಾರದು ಎಂದರು. 2008ರ ಮಾರ್ಚ್ ಕೊನೆಯಲ್ಲಿ ಡಾಲರ್ 40 ರೂಪಾಯಿಗೂ ತುಸು ಕೆಳಗಿತ್ತು, ಅದಕ್ಕೂ ಹಿಂದಿನ ವರ್ಷ 43ರ ಮೇಲಿತ್ತು ಎಂಬುದನ್ನು ಅವರು ಮರೆತಿದ್ದರು. ಒಂದು ವರ್ಷದ ಮಟ್ಟಿಗೆ ಡಾಲರ್ ಯಾವ ಕಡೆ ಹೋಗುತ್ತದೆ ಎಂದು ಖಚಿತವಾಗಿ ಹೇಳುವವರ ಮಾತನ್ನು ನಾನಂತೂ ನಂಬುವುದಿಲ್ಲ.

ತೆರಿಗೆ ಇಲ್ಲ ಎಂದರೆ ಎಲ್ಲಿ ಇಲ್ಲ?

ಇಷ್ಟರ ತನಕ ಅಕ್ಕನ ಲೆಕ್ಕ. ದುಬೈನಲ್ಲಿ ಬಡ್ಡಿಯ ಮೇಲೆ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ಭಾರತದಲ್ಲಿ ಎನ್‌ಆರ್‌ಇ ಬಡ್ಡಿಗೆ ಇಲ್ಲ. ಹಾಗಾಗಿ ಅವಳ ಲೆಕ್ಕದಲ್ಲಿ ವಿನಿಮಯ ದರ ಬಿಟ್ಟರೆ ಬೇರೆ ತೊಡಕಿಲ್ಲ. ತಮ್ಮನ ಕಥೆ ಬೇರೆ.

"ಟ್ಯಾಕ್ಸ್ ಇಲ್ಲ" ಎಂದು ಬ್ಯಾಂಕಿನವರು ಹೇಳುವುದು ಭಾರತದ ಮಟ್ಟಿಗೆ. ಅಮೆರಿಕದಲ್ಲಿ ತೆರಿಗೆ ನಿವಾಸಿಯಾದವರು ಭೂಮಿಯ ಮೇಲೆ ಎಲ್ಲೇ ಬಡ್ಡಿ ಗಳಿಸಿದರೂ ಅಲ್ಲಿ ತೋರಿಸಿ ತೆರಿಗೆ ಕಟ್ಟಬೇಕು. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇದೆಯಲ್ಲ ಎಂದು ಕೇಳಬಹುದು. ಆ ಒಪ್ಪಂದ ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದಂತೆ ನೋಡಿಕೊಳ್ಳುತ್ತದೆ. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇಲ್ಲಿ ಏನೂ ಕಟ್ಟಿಲ್ಲವಾದ್ದರಿಂದ ಕಳೆಯುವುದಕ್ಕೂ ಏನೂ ಇಲ್ಲ. ಪೂರ್ತಿ ತೆರಿಗೆ ಅಲ್ಲಿ ಬೀಳುತ್ತದೆ.

ತಮ್ಮ ಶೇ. 24ರ ತೆರಿಗೆ ಹಂತದಲ್ಲಿದ್ದಾನೆ ಎನ್ನೋಣ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದ್ದರಿಂದ ಲೆಕ್ಕ ಸರಳ. ಕ್ಯಾಲಿಫೋರ್ನಿಯಾದಲ್ಲಿ ಇದ್ದಿದ್ದರೆ ರಾಜ್ಯದ ಪಾಲೂ ಸೇರುತ್ತಿತ್ತು. ಅಲ್ಲೇ ಇಟ್ಟರೆ 400 ಡಾಲರ್ ಬಡ್ಡಿಯಲ್ಲಿ 96 ತೆರಿಗೆಗೆ ಹೋಗಿ 10,304 ಉಳಿಯುತ್ತದೆ. ಎನ್‌ಆರ್‌ಇ ಮಾಡಿ, ಡಾಲರ್ 85ರಲ್ಲೇ ನಿಂತಿದ್ದರೆ 700 ಡಾಲರ್ ಬಡ್ಡಿ, ತೆರಿಗೆ 168, ಉಳಿದದ್ದು 10,532. ಇದರಲ್ಲಿ ಅವನು ಗೆದ್ದ.

ಡಾಲರ್ 90 ಆದರೆ ಏನಾಗುತ್ತದೆ ಎಂಬುದು ಕುತೂಹಲದ ಸಂಗತಿ. 9,09,500 ರೂಪಾಯಿ ವಾಪಸ್ ಹೋದರೆ 10,106 ಡಾಲರ್. ನಿಜವಾಗಿ ಬೆಳೆದದ್ದು 106 ಡಾಲರ್ ಮಾತ್ರ. ಆದರೆ ತೆರಿಗೆ ಬೀಳುವುದು ಆ 106ರ ಮೇಲಲ್ಲ. ಬಡ್ಡಿ ಎಂದು ಬಂದದ್ದು 59,500 ರೂಪಾಯಿ, ಅಂದರೆ 661 ಡಾಲರ್, ಅದರ ಮೇಲೆ. ಶೇ. 24ರಂತೆ 159 ಡಾಲರ್ ತೆರಿಗೆ ಕಟ್ಟಿದ ಮೇಲೆ ಅವನ ಬಳಿ ಉಳಿದದ್ದು 9,947. ಏಳು ಪರ್ಸೆಂಟ್ ಬಡ್ಡಿ ಪಡೆದು, ತೆರಿಗೆಯನ್ನೂ ಕಟ್ಟಿ, ಹೊರಟ ಜಾಗಕ್ಕಿಂತ 53 ಡಾಲರ್ ಹಿಂದೆ ಬಂದು ನಿಂತಿದ್ದಾನೆ.

ಏಕೆ ಹೀಗೆ? ಆ ಏಳು ಪರ್ಸೆಂಟಿನಲ್ಲಿ ಒಂದು ಭಾಗ ನಿಜವಾದ ಗಳಿಕೆ, ಉಳಿದದ್ದು ರೂಪಾಯಿ ಸವೆಯುವುದಕ್ಕೆ ಕೊಟ್ಟ ಪರಿಹಾರ. ತೆರಿಗೆ ಇಲಾಖೆಗೆ ಈ ಭೇದ ಗೊತ್ತಿಲ್ಲ. ಬಡ್ಡಿ ಎಂದು ಬರೆದದ್ದೆಲ್ಲ ಅದಕ್ಕೆ ಆದಾಯವೇ. ಹಾಗಾಗಿ ತಮ್ಮನ ಸಮದ ಗೆರೆ ಅಕ್ಕನ 87.45ರಿಂದ 86.88ಕ್ಕೆ ಇಳಿಯುತ್ತದೆ. ಡಾಲರ್ ವರ್ಷಕ್ಕೆ ಶೇ. 2.2ಕ್ಕಿಂತ ಹೆಚ್ಚು ಏರಿದರೆ ಅವನು ಸೋತ. ತೆರಿಗೆ ಹಂತ ಮೇಲಕ್ಕೆ ಹೋದಷ್ಟೂ ಗೆರೆ ಇನ್ನೂ ಕೆಳಕ್ಕೆ ಬರುತ್ತದೆ. ಹಿಂದಿನ ಸರಾಸರಿ 3.3ನ್ನು ನೆನಪಿಸಿಕೊಂಡರೆ, ಅಪ್ಪನ ಒಂದೇ ಸಲಹೆ ಅಕ್ಕನಿಗೆ ಹೆಚ್ಚುಕಮ್ಮಿ ಸರಿಸಮ, ತಮ್ಮನಿಗೆ ಮಾತ್ರ ಸ್ಪಷ್ಟವಾಗಿ ತುಟ್ಟಿ.

ಅಸಲಿನ ಮೇಲೆ ಆದ ವಿನಿಮಯ ನಷ್ಟವನ್ನು ತೆರಿಗೆಯಲ್ಲಿ ತೋರಿಸಬಹುದಲ್ಲವೇ ಎಂಬುದು ಜಾಣ ಪ್ರಶ್ನೆ. ಅಮೆರಿಕದ ಕಾಯ್ದೆಯಲ್ಲಿ ಅದಕ್ಕೆ ಬೇರೆಯೇ ಸೆಕ್ಷನ್ ಇದೆ, 988ನೆಯದು. ಅದರ ಲೆಕ್ಕ ಶುರುವಾಗುವುದು ರೂಪಾಯಿಯನ್ನು ವಾಪಸ್ ಡಾಲರ್ ಮಾಡಿದಾಗ. ಎಫ್‌ಡಿ ಮುಗಿದು ಅದೇ ರೂಪಾಯಿಯನ್ನು ಇನ್ನೊಂದು ಎಫ್‌ಡಿಗೆ ಹಾಕಿದರೆ ನಷ್ಟ ಕಾಗದದ ಮೇಲೆ ಬರುವುದೇ ಇಲ್ಲ. ಬಡ್ಡಿಯ ತೆರಿಗೆ ಹಾಗೆ ಕಾಯುವುದಿಲ್ಲ. ಐದು ವರ್ಷ ಬಡ್ಡಿಯನ್ನು ಕೈಗೆ ಪಡೆಯದೆ ಅಸಲಿಗೇ ಸೇರಿಸುತ್ತ ಹೋಗುವ ಠೇವಣಿಯಾದರೂ ಆಯಾ ವರ್ಷದ ಬಡ್ಡಿಯನ್ನು ಆಯಾ ವರ್ಷವೇ ತೋರಿಸಬೇಕು. ಮೊತ್ತ ದೊಡ್ಡದಾದರೆ ಎರಡೂ ದೇಶದ ತೆರಿಗೆ ಬಲ್ಲ ಲೆಕ್ಕಪರಿಶೋಧಕರ ಹತ್ತಿರ ಒಮ್ಮೆ ಕೂರುವುದು ಒಳ್ಳೆಯದು.

ಇನ್ನೊಂದು ವಿಷಯ ದುಡ್ಡಿನದಲ್ಲ, ಕಾಗದದ್ದು. ಅಮೆರಿಕದ ಹೊರಗಿರುವ ಎಲ್ಲ ಖಾತೆಗಳನ್ನು ಒಟ್ಟು ಸೇರಿಸಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ಅಮ್ಮನ ಜೊತೆ ಜಂಟಿಯಾಗಿರುವ ಊರಿನ ಖಾತೆಯೂ ಇದರಲ್ಲಿ ಸೇರುತ್ತದೆ. ತೆರಿಗೆ ಬಾಕಿ ಇಲ್ಲದಿದ್ದರೂ ವರದಿ ತಪ್ಪಿದ್ದಕ್ಕೇ ದಂಡ ಬೀಳಬಹುದು, ಅದು ಬಡ್ಡಿಯನ್ನು ಎಷ್ಟೋ ಪಟ್ಟು ಮೀರುತ್ತದೆ. 2015ರ ಒಪ್ಪಂದದ ಪ್ರಕಾರ ಭಾರತದ ಬ್ಯಾಂಕುಗಳು ಇಂಥ ಖಾತೆಗಳ ಮಾಹಿತಿಯನ್ನು ಅಮೆರಿಕಕ್ಕೆ ತಲುಪಿಸುತ್ತವೆ. ಗೊತ್ತಾಗುವುದಿಲ್ಲ ಎಂಬ ಕಾಲ ಹೋಯಿತು.

ಎಲ್ಲ ದೇಶವೂ ಅಮೆರಿಕದಂತೆ ಅಲ್ಲ. ಕೆನಡಾ ತನ್ನ ನಿವಾಸಿಗಳ ಹೊರಗಿನ ಬಡ್ಡಿಗೂ ತೆರಿಗೆ ಹಾಕುತ್ತದೆ. ಆಸ್ಟ್ರೇಲಿಯಾದಲ್ಲಿ ತಾತ್ಕಾಲಿಕ ವೀಸಾದ ಮೇಲಿರುವವರ ಹೊರಗಿನ ಬಡ್ಡಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ, ಕಾಯಂ ಆದ ಮೇಲೆ ಇಲ್ಲ. ನೀವಿರುವ ದೇಶ ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯದೆ ಊರಿನ ದರಪಟ್ಟಿ ನೋಡಿ ಪ್ರಯೋಜನವಿಲ್ಲ.

ಆ ದುಡ್ಡು ಕೊನೆಗೆ ಖರ್ಚಾಗುವುದು ಎಲ್ಲಿ?

ಇಷ್ಟೆಲ್ಲ ಡಾಲರ್‌ನಲ್ಲಿ ಅಳೆದದ್ದು ತಮ್ಮನ ದೃಷ್ಟಿಯಿಂದ ಸರಿ. ಅವನು ಎರಡು ವರ್ಷದಲ್ಲಿ ಟೆಕ್ಸಾಸ್‌ನಲ್ಲಿ ಮನೆಗೆ ಮುಂಗಡ ಕಟ್ಟಬೇಕು, ಅದು ಡಾಲರ್ ಖರ್ಚು. ಅವನಿಗೆ ಡಾಲರ್ ಠೇವಣಿ ಖಚಿತ, ಎನ್‌ಆರ್‌ಇ ಒಂದು ಜೂಜು.

ಅಕ್ಕನ ಯೋಜನೆ ಬೇರೆ. ಅಪ್ಪ ಕೊಂಡಿಟ್ಟ ಸೈಟಿನಲ್ಲಿ ಮುಂದಿನ ವರ್ಷ ಮನೆ ಕಟ್ಟಿಸಬೇಕು. ಸಿಮೆಂಟು, ಕಬ್ಬಿಣ, ಗಾರೆ ಕೆಲಸದವರ ಕೂಲಿ ಎಲ್ಲವೂ ರೂಪಾಯಿಯಲ್ಲಿ. ಅವಳಿಗೆ ಎನ್‌ಆರ್‌ಇ ಎಂದರೆ ವರ್ಷದ ಕೊನೆಗೆ 9,09,500 ರೂಪಾಯಿ ಖಚಿತ, ಡಾಲರ್ ಏನೇ ಆಗಲಿ. ದುಬೈನಲ್ಲೇ ಇಟ್ಟರೆ, ಡಾಲರ್ 85ರಲ್ಲಿ ನಿಂತರೆ 8,84,000, 90 ಆದರೆ 9,36,000. ಅಂದರೆ ಅವಳ ಪಾಲಿಗೆ ಜೂಜಾಗುವುದು ದುಬೈನ ಠೇವಣಿ! ಸಮದ ಗೆರೆ ಇಬ್ಬರಿಗೂ ಒಂದೇ ಸೂತ್ರದಿಂದ ಬಂದದ್ದು, ಅದು ಬದಲಾಗುವುದಿಲ್ಲ. ಆದರೆ ಯಾವ ಕಡೆ ನೆಮ್ಮದಿ, ಯಾವ ಕಡೆ ಅಪಾಯ ಎಂಬುದು ಖರ್ಚಿನ ಜಾಗದ ಜೊತೆ ತಿರುಗಿಬಿಡುತ್ತದೆ. ಇದನ್ನು ಕೇಳದೆ ಎನ್‌ಆರ್‌ಇ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದಕ್ಕೆ ಅರ್ಥವಿಲ್ಲ. ಅಂದಹಾಗೆ, ಊರಿನಲ್ಲಿ ಈಗಾಗಲೇ ಎಂಟೂವರೆ ಪರ್ಸೆಂಟಿನ ಮನೆಸಾಲ ಇದ್ದರೆ ಏಳರ ಎಫ್‌ಡಿ ಹುಡುಕುವುದಕ್ಕಿಂತ ಆ ಸಾಲವನ್ನೇ ತೀರಿಸುವುದು ಲಾಭ.

ರೂಪಾಯಿ ಮಾಡಿ ಮತ್ತೆ ಡಾಲರ್ ಮಾಡುವವರಿಗೆ ಇನ್ನೊಂದು ಸೋರಿಕೆ ಇದೆ. ನಾವು ಫೋನಿನಲ್ಲಿ ನೋಡುವ ದರ ಬ್ಯಾಂಕು ಕೊಡುವ ದರವಲ್ಲ. ಹೋಗುವಾಗ 50 ಪೈಸೆ, ಬರುವಾಗ 50 ಪೈಸೆ ಬ್ಯಾಂಕು ಇಟ್ಟುಕೊಂಡಿತು ಎನ್ನಿ. 10,000 ಡಾಲರಿಗೆ 8,45,000 ಸಿಕ್ಕಿ, ವರ್ಷಕ್ಕೆ 9,04,150 ಆಗುತ್ತದೆ. ಈಗ ಲೆಕ್ಕ ಹಾಕಿದರೆ ಅಕ್ಕನ 87.45ರ ಗೆರೆ ಸುಮಾರು 86.44ಕ್ಕೆ ಬಂದು ನಿಲ್ಲುತ್ತದೆ. ಒಂದು ರೂಪಾಯಿ ಅಲ್ಲೇ ಹೋಯಿತು. ಐದು ವರ್ಷದ ಠೇವಣಿಯಲ್ಲಿ ಇದೇ ನಷ್ಟ ಐದು ವರ್ಷಕ್ಕೆ ಹಂಚಿಹೋಗುತ್ತದೆ, ಒಂದು ವರ್ಷದ್ದರಲ್ಲಿ ಪೂರ್ತಿ ತಾಗುತ್ತದೆ. ಎನ್‌ಆರ್‌ಇ ಠೇವಣಿಯನ್ನು ಒಂದು ವರ್ಷ ತುಂಬುವ ಮೊದಲೇ ಮುರಿದರೆ ಬಡ್ಡಿಯೇ ಇಲ್ಲ, ಆಗ ಈ ಸೋರಿಕೆಯೊಂದೇ ಕೈಗೆ ಸಿಗುವ ಫಲ.

ಕೊನೆಯದಾಗಿ, ಅಕ್ಕ ಗಂಟುಮೂಟೆ ಕಟ್ಟಿ ಕಾಯಂ ಆಗಿ ಊರಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪುವವರು ಬಹಳ. ಎಫ್‌ಡಿ ಮುಗಿಯುವ ದಿನದವರೆಗೂ ಬಡ್ಡಿಗೆ ತೆರಿಗೆ ಇರುವುದಿಲ್ಲ ಎಂದು ಅನೇಕರು ತಿಳಿದಿರುತ್ತಾರೆ. ವಿನಾಯಿತಿ ಇರುವುದು ಠೇವಣಿಗಲ್ಲ, ಠೇವಣಿ ಇಟ್ಟವರು ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಹೊರದೇಶದ ನಿವಾಸಿ ಆಗಿರುವವರೆಗೆ ಮಾತ್ರ. ನೆಲೆಸಲೆಂದು ಬಂದಿಳಿದ ಮೇಲೆ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಬೇಕು. ಒಪ್ಪಿದ ಬಡ್ಡಿ ದರ ಅವಧಿ ಮುಗಿಯುವವರೆಗೆ ಮುಂದುವರಿಯುತ್ತದೆ, ತೆರಿಗೆಯ ವಿನಾಯಿತಿ ಮುಂದುವರಿಯುವುದಿಲ್ಲ. ಶೇ. 30ರ ಹಂತದಲ್ಲಿದ್ದರೆ, ಸೆಸ್ ಸೇರಿ, ಏಳು ಪರ್ಸೆಂಟ್ ಎಂಬುದು ಕೈಗೆ ಬರುವಾಗ 4.8 ಆಗಿರುತ್ತದೆ. ಬ್ಯಾಂಕಿಗೆ ಹೇಳದೆ ಎನ್‌ಆರ್‌ಇ ಹೆಸರಿನಲ್ಲೇ ಬಿಟ್ಟರೆ ಬ್ಯಾಂಕು ತೆರಿಗೆ ಕಡಿತ ಮಾಡುವುದಿಲ್ಲ ನಿಜ, ಆದರೆ ಆ ಬಡ್ಡಿಯನ್ನು ರಿಟರ್ನ್‌ನಲ್ಲಿ ತೋರಿಸುವ ಹೊಣೆ ಅವಳದೇ. ಬಂದ ವಾರವೇ ಪಾಸ್‌ಪೋರ್ಟ್ ಹಿಡಿದು ಶಾಖೆಗೆ ಹೋಗಿ ಬರುವುದು ಅರ್ಧ ದಿನದ ಕೆಲಸ.